ಎಐ ಟೂಲ್ ಫೋಟೊ ‘ನೋಡುತ್ತೆ’ ಅಂದ್ರೆ ಏನು? ಉದ್ರಿ ಪುಸ್ತಕದ ಒಂದು ಪುಟ ಹೇಳಿದ ಪಾಠ

ನಮ್ಮ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ಮನೆಯವರದು ಕಿರಾಣಿ ಅಂಗಡಿ. ಅಪ್ಪನ ಉದ್ರಿ ಪುಸ್ತಕದ ಒಂದು ಪುಟವನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು, ಒಂದು ಎಐ ಟೂಲ್‌ಗೆ ಹಾಕಿದ್ದ. ಕೈಬರಹವೆಲ್ಲ ಟೈಪ್ ಮಾಡಿದ ಪಟ್ಟಿಯಾಗಿ ಬಂತು. ಅಪ್ಪನಿಗೂ ಖುಷಿ. ಆದರೆ ಪುಸ್ತಕದಲ್ಲಿ ತೊಗರಿಬೇಳೆ 170 ರೂಪಾಯಿ ಅಂತಿದ್ದದ್ದು ಪಟ್ಟಿಯಲ್ಲಿ 110 ಆಗಿತ್ತು. ಮರುದಿನ ಬಂದು ಕೇಳಿದ: ‘ಸರ್, ಇದು ಫೋಟೊ ನೋಡುತ್ತೆ ಅಂತ ಬರೆದಿದ್ರು. ನೋಡಿದ ಮೇಲೂ ತಪ್ಪು ಹೇಗೆ ಓದ್ತು?’

ಒಳ್ಳೆ ಪ್ರಶ್ನೆ. ಆ ಪುಟವನ್ನೇ ಇಟ್ಟುಕೊಂಡು ಕ್ಲಾಸಿನಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಫೋಟೊ ಅಂದ್ರೆ ಟೂಲ್‌ನ ಪಾಲಿಗೆ ಚಿತ್ರ ಅಲ್ಲ, ಬರೀ ಸಂಖ್ಯೆಗಳು. ಮೊಬೈಲ್ ಫೋಟೊ ಅಡ್ಡಕ್ಕೆ 3000, ಉದ್ದಕ್ಕೆ 4000 ಚುಕ್ಕೆಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆ. ಇವನ್ನೇ ಪಿಕ್ಸೆಲ್ ಅನ್ನೋದು. ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಹೇಳುವ ಮೂರು ಸಂಖ್ಯೆ, ಒಂದೊಂದೂ 0ಯಿಂದ 255ರ ಒಳಗೆ. ಬಿಳಿ ಕಾಗದವೂ ಸಂಖ್ಯೆಯೇ, ಅದರ ಮೇಲಿನ ಶಾಯಿಯೂ ಸಂಖ್ಯೆಯೇ.

ಈ ಸಂಖ್ಯೆಗಳ ರಾಶಿಯನ್ನು ಟೂಲ್ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತೆ. 2020ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಒಂದು ವಿಧಾನ ಈಗ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಅಡ್ಡಕ್ಕೂ ಉದ್ದಕ್ಕೂ 224 ಪಿಕ್ಸೆಲ್ ಇರುವ ಚಿತ್ರವನ್ನು 16 ಪಿಕ್ಸೆಲ್‌ನ ಚೌಕಗಳಾಗಿ ಮಾಡಿದರೆ, ಸಾಲಿಗೆ 14ರಂತೆ ಒಟ್ಟು 196 ತುಂಡು ಸಿಗುತ್ತವೆ. ಚೆಸ್ ಬೋರ್ಡಿನ ಮನೆಗಳ ಹಾಗೆ ಅಂದುಕೊಳ್ಳಿ. ಯಾವ ತುಂಡಿನ ಪಕ್ಕ ಯಾವ ತುಂಡಿದೆ, ಒಂದಕ್ಕೊಂದು ಏನು ಸಂಬಂಧ ಅಂತ ಲೆಕ್ಕ ಹಾಕೋದು ಮುಂದಿನ ಕೆಲಸ. ಇಂಥ ಟೂಲ್‌ಗಳನ್ನು ತಯಾರಿಸುವಾಗ ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ಒಟ್ಟಿಗೆ ಕೊಟ್ಟು ಪಳಗಿಸಿರುತ್ತಾರೆ. ಹಾಗಾಗಿ ‘ಈ ಥರದ ತುಂಡುಗಳ ಜೊತೆ ಸಾಮಾನ್ಯವಾಗಿ ಬರುವ ಪದ ಯಾವುದು’ ಎಂಬ ಲೆಕ್ಕದಿಂದ ಉತ್ತರ ಹುಟ್ಟುತ್ತೆ. ಅದಕ್ಕೆ ನಾವು ‘ನೋಡುವುದು’ ಅಂತ ಹೆಸರಿಟ್ಟಿದ್ದೇವೆ.

ಈಗ 170ರ ಕಥೆಗೆ ಬರೋಣ. ಹುಡುಗ ಫೋಟೊ ತೆಗೆದಾಗ ಗಲ್ಲಾ ಟೇಬಲ್, ತಕ್ಕಡಿ ಎಲ್ಲ ಬಂದುಬಿಟ್ಟಿತ್ತು. 4000 ಪಿಕ್ಸೆಲ್ ಉದ್ದದ ಫೋಟೊದಲ್ಲಿ ಪುಸ್ತಕದ ಪುಟ ಇದ್ದದ್ದು ಅರ್ಧ, ಅಂದ್ರೆ 2000 ಪಿಕ್ಸೆಲ್. ಪುಟದ ಉದ್ದ 20 ಸೆಂಟಿಮೀಟರ್. ಒಂದು ಮಿಲಿಮೀಟರಿಗೆ 10 ಪಿಕ್ಸೆಲ್ ಬಂತು. ಅಪ್ಪ ಬರೆದ ಅಂಕಿಯ ಎತ್ತರ ಸುಮಾರು 4 ಮಿ.ಮೀ., ಅಂದ್ರೆ 40 ಪಿಕ್ಸೆಲ್. 7ರ ನೆತ್ತಿಯ ಗೆರೆ 1 ಮಿ.ಮೀ., ಅಂದ್ರೆ 10 ಪಿಕ್ಸೆಲ್. ಇಷ್ಟಿದ್ದರೆ ಓದಬಹುದಿತ್ತು.

ಆದರೆ ದೊಡ್ಡ ಫೋಟೊವನ್ನು ಹಾಗೇ ಲೆಕ್ಕ ಹಾಕಲು ತುಂಬಾ ಖರ್ಚು. ಅದಕ್ಕೇ ಹೆಚ್ಚಿನ ಟೂಲ್‌ಗಳು ಒಳಗೆ ತೆಗೆದುಕೊಳ್ಳುವಾಗಲೇ ಫೋಟೊವನ್ನು ಚಿಕ್ಕದು ಮಾಡುತ್ತವೆ. ಎಷ್ಟು ಚಿಕ್ಕದು ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. 4000ವನ್ನು 1000ಕ್ಕೆ ಇಳಿಸಿತು ಅಂತ ಇಟ್ಟುಕೊಳ್ಳಿ. ಆಗ ಅಂಕಿಯ ಎತ್ತರ ಬರೀ 10 ಪಿಕ್ಸೆಲ್, 7ರ ನೆತ್ತಿಯ ಗೆರೆ ಎರಡೋ ಮೂರೋ ಪಿಕ್ಸೆಲ್. ಬಾಲ್‌ಪೆನ್ ಬೇರೆ ಮಸುಕು. ಆ ಗೆರೆ ಕಾಗದದ ಬಣ್ಣದಲ್ಲಿ ಕರಗಿಹೋದರೆ ಉಳಿಯೋದು ಒಂದು ನೇರ ಗೆರೆ. 7 ಹೋಗಿ 1 ಆಯ್ತು. ನಿಮ್ಮ ಮೊಬೈಲಿನಲ್ಲಿ ಝೂಮ್ ಮಾಡಿದರೆ 170 ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ನೀವು ನೋಡ್ತಿರೋದು ಮೂಲ ಫೋಟೊ. ಟೂಲ್ ಲೆಕ್ಕ ಹಾಕಿದ್ದು ಚಿಕ್ಕದಾದ ನಕಲನ್ನು.

ಕನ್ನಡ ಅಕ್ಷರಕ್ಕೆ ಈ ತೊಂದರೆ ಇನ್ನೂ ಜಾಸ್ತಿ. ‘ದನ’ಕ್ಕೂ ‘ಧನ’ಕ್ಕೂ ಇರುವ ವ್ಯತ್ಯಾಸ ಅಕ್ಷರದ ಕೆಳಗಿನ ಒಂದು ಸಣ್ಣ ಗೀಟು. ಅದು ಅಳಿದರೆ ಕೊಟ್ಟಿಗೆಯ ದನ ಉಳಿಯುತ್ತೆ, ಪೆಟ್ಟಿಗೆಯ ಧನ ಹೋಗುತ್ತೆ!

ಅದೇ ಪುಟದಲ್ಲಿ ಇನ್ನೊಂದು ತಪ್ಪಿತ್ತು. ಹುಡುಗನ ಗಮನಕ್ಕೆ ಅದು ಬಂದಿರಲಿಲ್ಲ. ಪುಸ್ತಕದಲ್ಲಿ ಹೀಗಿತ್ತು: ಅಕ್ಕಿ 280, ತೊಗರಿಬೇಳೆ 170, ಸಕ್ಕರೆ 90, ಟೀಪುಡಿ 78, ಸೋಪು 38, ಒಟ್ಟು 656. ಟೈಪ್ ಆಗಿ ಬಂದದ್ದು 280, 110, 90, 78, 30. ಕೆಳಗೆ ಒಟ್ಟು ಮಾತ್ರ ಸರಿಯಾಗಿ 656. ಬಂದ ಅಂಕಿಗಳನ್ನು ಬೋರ್ಡ್ ಮೇಲೆ ಕೂಡಿಸಿದೆವು, 588 ಆಯ್ತು. ವ್ಯತ್ಯಾಸ 68. ಬೇಳೆಯಲ್ಲಿ ಹೋದದ್ದು 60 ಅಂತ ಗೊತ್ತು. ಉಳಿದ 8 ಎಲ್ಲಿ?

ಫೋಟೊ ತೆರೆದು ನೋಡಿದರೆ ಸೋಪಿನ ಬೆಲೆಯ ಎರಡನೇ ಅಂಕಿಯ ಮೇಲೆ ಹುಡುಗನ ಹೆಬ್ಬೆರಳು! ಆ ಅಂಕಿ ಫೋಟೊದಲ್ಲೇ ಇರಲಿಲ್ಲ. ಎಷ್ಟೇ ದೊಡ್ಡದು ಮಾಡಿದರೂ ಸಿಗೋದಿಲ್ಲ. ಆದರೂ ಟೂಲ್ ಆ ಜಾಗ ಖಾಲಿ ಬಿಡದೆ 30 ಅಂತ ತುಂಬಿಸಿತ್ತು. ಮೊದಲಿನದಕ್ಕಿಂತ ಈ ತಪ್ಪು ಅಪಾಯದ್ದು ಅಂತ ನನ್ನ ಅಭಿಪ್ರಾಯ. 110 ಅನ್ನೋದು ಮಸುಕಾದದ್ದನ್ನು ತಪ್ಪಾಗಿ ಓದಿದ್ದು, 30ರಲ್ಲಿನ ಸೊನ್ನೆ ಇಲ್ಲದ್ದನ್ನು ಊಹಿಸಿದ್ದು. ಸಾಲಿನಲ್ಲಿ ಸಾಮಾನು, ಅದರ ಮುಂದೆ ಬೆಲೆ ಎಂಬ ಮಾದರಿ ಇದ್ದಾಗ, ಅಲ್ಲಿ ಬರಬಹುದಾದ ಅಂಕಿಯೊಂದನ್ನು ಅದು ಹಾಕಿಬಿಡುತ್ತೆ. ಪರದೆಯ ಮೇಲೆ ಓದಿದ್ದೂ ಊಹಿಸಿದ್ದೂ ಒಂದೇ ಅಕ್ಷರದಲ್ಲಿ, ಒಂದೇ ಧೈರ್ಯದಲ್ಲಿ ಕಾಣುತ್ತವೆ.

ಅದಕ್ಕೇ ಅಂಗಡಿಯವರು ಪ್ರತಿ ಪುಟದ ಕೆಳಗೆ ಕೈಯಾರೆ ಒಟ್ಟು ಬರೆದಿಟ್ಟಿರುವುದು ದೊಡ್ಡ ಉಪಕಾರ. ಬಂದ ಅಂಕಿಗಳನ್ನು ನೀವೇ ಕೂಡಿಸಿ, ಪುಸ್ತಕದಲ್ಲಿ ಬರೆದಿರುವ ಒಟ್ಟಿನ ಜೊತೆ ತಾಳೆ ನೋಡಿ. ಟೈಪ್ ಆಗಿ ಬಂದ ಒಟ್ಟನ್ನು ನಂಬಬೇಡಿ, ಅದೂ ಓದಿದ್ದೋ ಊಹಿಸಿದ್ದೋ ಗೊತ್ತಾಗಲ್ಲ. ಒಟ್ಟು ತಾಳೆಯಾದರೂ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಅಷ್ಟೇ ಕಡಿಮೆಯಾಗಿರಬಹುದು. ಅಂಥದ್ದು ಅಪರೂಪ, ಆದರೂ ದೊಡ್ಡ ಮೊತ್ತಗಳನ್ನು ಒಮ್ಮೆ ಕಣ್ಣಲ್ಲಿ ನೋಡಿಬಿಡಿ. ಹೆಸರು, ಫೋನ್ ನಂಬರಿಗೆ ಕೂಡಿಸಿ ನೋಡುವ ದಾರಿಯೇ ಇಲ್ಲ, ಒಂದೊಂದಾಗಿ ಹೋಲಿಸಬೇಕು.

ಮರುದಿನ ಹುಡುಗ ಬೆಳಕಿರುವ ಬಾಗಿಲ ಹತ್ತಿರ ಪುಸ್ತಕ ಇಟ್ಟು, ಅರ್ಧ ಪುಟವೇ ಫೋಟೊದ ಉದ್ದವನ್ನೆಲ್ಲ ತುಂಬುವ ಹಾಗೆ ಎರಡು ಫೋಟೊ ತೆಗೆದ. ಹೀಗೆ ಮಾಡಿದರೆ 10 ಸೆಂಟಿಮೀಟರಿಗೆ 4000 ಪಿಕ್ಸೆಲ್. ಟೂಲ್ ಅದನ್ನು 1000ಕ್ಕೆ ಇಳಿಸಿದರೂ ಅಂಕಿಗೆ 40 ಪಿಕ್ಸೆಲ್ ಉಳಿಯುತ್ತೆ, 7ರ ನೆತ್ತಿಗೆ 10. ಬೆರಳೂ ಅಡ್ಡ ಬರಲಿಲ್ಲ. ಈ ಸಲ 170, 38 ಎರಡೂ ಸರಿ ಬಂದವು.

ಇನ್ನೆರಡು ಮಾತು ಅವನ ಅಪ್ಪನಿಗೂ ಹೇಳಿ ಕಳಿಸಿದೆ. ಇಂಥ ಬಹುತೇಕ ಟೂಲ್‌ಗಳಲ್ಲಿ ಫೋಟೊ ಮೊಬೈಲಿನೊಳಗೇ ಉಳಿಯೋದಿಲ್ಲ, ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗುತ್ತೆ. ಉದ್ರಿ ಪುಸ್ತಕದಲ್ಲಿ ಗಿರಾಕಿಗಳ ಹೆಸರು, ನಂಬರು ಇರುತ್ತವೆ. ಫೋಟೊ ತೆಗೆಯುವ ಮುಂಚೆ ಆ ಭಾಗಕ್ಕೆ ಒಂದು ಕಾಗದ ಮುಚ್ಚಿ.

ಎರಡನೇದು, ಗಿರಾಕಿ ತೋರಿಸುವ ಯುಪಿಐ ಸ್ಕ್ರೀನ್‌ಶಾಟ್. ‘ಇದು ಅಸಲಿಯಾ’ ಅಂತ ಫೋಟೊ ನೋಡುವ ಟೂಲ್‌ಗೆ ಹಾಕಿ ಪ್ರಯೋಜನವಿಲ್ಲ. ಪಿಕ್ಸೆಲ್‌ಗಳಿಂದ ಹೆಚ್ಚೆಂದರೆ ಹಸಿರು ಟಿಕ್ ಮಾರ್ಕ್ ಇದೆ, 500 ಅಂತ ಬರೆದಿದೆ ಅಂತ ಗೊತ್ತಾಗಬಹುದು. ದುಡ್ಡು ಜಮೆ ಆಗಿದೆಯಾ ಅನ್ನೋದು ಇರೋದು ನಿಮ್ಮ ಖಾತೆಯಲ್ಲಿ, ಆ ಚಿತ್ರದಲ್ಲಲ್ಲ.