ಚಾನೆಲ್ ನೋಡಿದವರು ಕೆಲಸ ಕೊಡಬೇಕಾದರೆ

ದಾವಣಗೆರೆಯಲ್ಲೊಬ್ಬ ವಿಡಿಯೊ ಎಡಿಟರ್ ಹುಡುಗ ಇದ್ದಾನೆ ಎಂದಿಟ್ಟುಕೊಳ್ಳಿ. ಅವನ ಯೂಟ್ಯೂಬ್ ಚಾನೆಲ್‌ಗೆ 800 ಸಬ್‌ಸ್ಕ್ರೈಬರ್‌ಗಳು. ಜಾಹೀರಾತಿನ ಪಾಲು ಸಿಗಲು ಬೇಕಾದ 1,000 ಇನ್ನೂ ಮುಟ್ಟಿಲ್ಲ. ಆದರೆ ಅವನ ಹೊಟ್ಟೆಪಾಡು ನಡೆಯಬೇಕಾದದ್ದು ಆ ಜಾಹೀರಾತಿನಿಂದಲ್ಲ, ತಿಂಗಳಿಗೆ ನಾಲ್ಕು ವಿಡಿಯೊ ಮಾಡಿಸುವ ಒಬ್ಬ ಹಲ್ಲಿನ ಡಾಕ್ಟರಿಂದ, ಒಂದು ಟ್ಯೂಷನ್ ಸೆಂಟರಿನಿಂದ. ಅಂಥವರು ಇಬ್ಬರು ಸಿಕ್ಕರೂ ಚಾನೆಲ್ ಗೆದ್ದಂತೆ.

ಡಾಕ್ಟರು ಚಾನೆಲ್‌ಗೆ ಬರುವುದು ಅಭಿಮಾನಿಯಾಗಿ ಅಲ್ಲ. ಇಬ್ಬರು ರೋಗಿಗಳ ನಡುವಿನ ಬಿಡುವಿನಲ್ಲಿ ಫೋನ್ ಹಿಡಿದಿರುತ್ತಾರೆ. ಈ ಹುಡುಗ ನನ್ನಂಥವರ ಕೆಲಸ ಮಾಡಿದ್ದಾನೆಯೇ, ಎಷ್ಟು ದಿನದಲ್ಲಿ ಕೊಡುತ್ತಾನೆ, ಮಾತಾಡುವುದು ಹೇಗೆ, ಇಷ್ಟೇ ಅವರಿಗೆ ಬೇಕು. ಅಲ್ಲಿ ಮೊದಲು ಕಾಣುವುದು ಹಬ್ಬದ ಶುಭಾಶಯದ ರೀಲು, ಗೆಳೆಯನ ಮದುವೆಯ ತುಣುಕು ಆದರೆ ಹೊರಟುಬಿಡುತ್ತಾರೆ. ಸಬ್‌ಸ್ಕ್ರೈಬ್ ಆಗದವರಿಗೆಂದೇ ಚಾನೆಲ್ಲಿನ ಮೇಲ್ಭಾಗದಲ್ಲಿ ಒಂದು ಟ್ರೇಲರ್ ಇಡಲು ಯೂಟ್ಯೂಬ್ ಅವಕಾಶ ಕೊಡುತ್ತದೆ. ಆ ಜಾಗವನ್ನು ಸ್ವಪರಿಚಯಕ್ಕೆ ಕಳೆಯದೆ, ನಿಮ್ಮ ಒಳ್ಳೆಯ ಕೆಲಸವೊಂದನ್ನು ಅಲ್ಲಿ ಇಡಿ.

ಒಳ್ಳೆಯ ಕೆಲಸ ತೋರಿಸುವುದೆಂದರೆ ಮುಗಿದ ವಿಡಿಯೊ ಮಾತ್ರವಲ್ಲ. ಡಾಕ್ಟರು ಕ್ಯಾಮೆರಾ ಮುಂದೆ ತಡವರಿಸಿದ 40 ಸೆಕೆಂಡಿನ ಕಚ್ಚಾ ತುಣುಕನ್ನು ಮೊದಲು ಹಾಕಿ. ಹಿಂದೆ ಫ್ಯಾನಿನ ಸದ್ದು ಕೇಳಲಿ. ಆಮೇಲೆ ಅದೇ ಮಾತು 18 ಸೆಕೆಂಡಿಗೆ ಇಳಿದದ್ದನ್ನು ತೋರಿಸಿ, ಯಾವ ವಾಕ್ಯ ಕತ್ತರಿಸಿದಿರಿ, ಯಾಕೆ ಎಂದು ನಿಮ್ಮ ದನಿಯಲ್ಲೇ ಹೇಳಿ. ಗಿರಾಕಿ ದುಡ್ಡು ಕೊಡುವುದು ಆ ತೀರ್ಮಾನಕ್ಕೆ, ಸಾಫ್ಟ್‌ವೇರಿಗಲ್ಲ. ಕಚ್ಚಾ ತುಣುಕು ಹಾಕುವ ಮುನ್ನ ಅವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ವಾಟ್ಸ್ಆಪ್ ಸಂದೇಶವಾದರೂ ಇರಲಿ. ಒಪ್ಪದಿದ್ದರೆ ನೀವೇ ಕ್ಯಾಮೆರಾ ಮುಂದೆ ಕೂತು ತಡವರಿಸಿ!

ಈಗ ಕರೆಯ ಮಾತು. ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ, ಕೆಲಸವಿದ್ದರೆ ತಿಳಿಸಿ ಎಂದು ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾವುದೂ ಆಗುವುದಿಲ್ಲ. ಒಂದೇ ಕರೆ ಸಾಕು, ಅದೂ ಗಿರಾಕಿಗೆ ಹಗುರಾದದ್ದು: ‘ನಿಮ್ಮ ಕ್ಲಿನಿಕ್ಕಿನ ಒಂದು ನಿಮಿಷದ ವಿಡಿಯೊ ವಾಟ್ಸ್ಆಪ್ ಮಾಡಿ, ಏನು ಕತ್ತರಿಸಬಹುದೆಂದು ನಾಳೆಯೊಳಗೆ ಹೇಳುತ್ತೇನೆ, ಅದಕ್ಕೆ ದುಡ್ಡಿಲ್ಲ.’ ಇದನ್ನು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿ. ವಿವರಣೆಯ ಮೊದಲ ಸಾಲಿನಲ್ಲೂ ಬರೆಯಿರಿ, ಏಕೆಂದರೆ ಉಳಿದ ಸಾಲುಗಳು ಮಡಚಿಕೊಂಡಿರುತ್ತವೆ. ಪಿನ್ ಮಾಡಿದ ಕಾಮೆಂಟಿನಲ್ಲೂ ಇರಲಿ. ಜೊತೆಗೆ ಈ ಬಗೆಯ ಲಿಂಕ್ ಕೊಡಿ:

```
https://wa.me/91XXXXXXXXXX?text=CLINIC-1
```

ಒತ್ತಿದ ಕೂಡಲೇ ನಿಮ್ಮ ವಾಟ್ಸ್ಆಪ್ ಚಾಟ್ ತೆರೆದು, CLINIC-1 ಎಂಬ ಪದ ಮೊದಲೇ ಟೈಪ್ ಆಗಿರುತ್ತದೆ. ಅವರು ಕಳುಹಿಸುವ ಗುಂಡಿ ಒತ್ತಿದರಾಯಿತು. ಇದರ ಇನ್ನೊಂದು ಉಪಯೋಗವೇ ನನಗೆ ಹೆಚ್ಚು ಹಿಡಿಸಿದ್ದು. ಪ್ರತಿ ವಿಡಿಯೊಗೂ ಬೇರೆ ಪದ ಕೊಟ್ಟರೆ, ವಿಚಾರಣೆ ಬಂದದ್ದು ಎಲ್ಲಿಂದ ಎಂದು ತಾನೇ ತಿಳಿಯುತ್ತದೆ. 5,000 ವ್ಯೂ ಬಂದ ವಿಡಿಯೊದಿಂದ ಒಂದು ಸಂದೇಶವೂ ಬಾರದೆ, 200 ಜನ ನೋಡಿದ ಕ್ಲಿನಿಕ್ ವಿಡಿಯೊದಿಂದ ಮೂರು ಬಂದರೆ, ಮುಂದಿನದು ಯಾವುದು ಮಾಡಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಸಂದೇಶ ಬಂದೂ ಕೆಲಸವಾಗದಿದ್ದರೆ ದೋಷ ಚಾನೆಲ್ಲಿನದಲ್ಲ. ನಿಮ್ಮ ದರ ನೋಡಿಕೊಳ್ಳಿ, ಉತ್ತರ ಕೊಡಲು ಎಷ್ಟು ತಡ ಮಾಡಿದಿರಿ ನೋಡಿಕೊಳ್ಳಿ.

ಶಾರ್ಟ್ಸ್ ನೆಚ್ಚಿಕೊಂಡವರು ಇಲ್ಲೇ ಎಡವುತ್ತಾರೆ. 2023ರ ಆಗಸ್ಟ್ ಕೊನೆಯಿಂದ ಶಾರ್ಟ್ಸ್‌ನ ವಿವರಣೆ, ಕಾಮೆಂಟುಗಳಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಶಾರ್ಟ್ಸ್‌ನಲ್ಲಿ ‘ಲಿಂಕ್ ಕೆಳಗಿದೆ’ ಎಂದರೆ ಸುಳ್ಳು ಹೇಳಿದಂತೆ. ‘ಪ್ರೊಫೈಲಿಗೆ ಬನ್ನಿ’ ಎನ್ನಿ, ಪ್ರೊಫೈಲಿನ ಮೊದಲ ಲಿಂಕಾಗಿ ವಾಟ್ಸ್ಆಪ್ ಇಡಿ.

ಉದ್ಯೋಗಕ್ಕೆ ಅರ್ಜಿ ಹಾಕುವಾಗ ಪೂರ್ತಿ ಚಾನೆಲ್ಲಿನ ವಿಳಾಸ ಕೊಡಬೇಡಿ, ಹುಡುಕುತ್ತಾ ಕೂರಲು ಅವರಿಗೆ ಪುರುಸೊತ್ತಿಲ್ಲ. ಆ ಕೆಲಸಕ್ಕೆ ಹೊಂದುವ ಒಂದೇ ವಿಡಿಯೊದ ಲಿಂಕಿನ ಕೊನೆಗೆ ?t=95 ಸೇರಿಸಿದರೆ ಅದು 95ನೇ ಸೆಕೆಂಡಿನಿಂದ ಶುರುವಾಗುತ್ತದೆ. ಲಿಂಕಿನಲ್ಲಿ ಮೊದಲೇ ? ಇದ್ದರೆ &t=95 ಎಂದು ಬರೆಯಿರಿ. ‘ಇಲ್ಲಿಂದ ಅರ್ಧ ನಿಮಿಷ ನೋಡಿ’ ಎಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಎಲ್ಲರಿಗೂ ತೋರಿಸಬಾರದ ಕೆಲಸವಾದರೆ ಅನ್‌ಲಿಸ್ಟೆಡ್ ಮಾಡಿ ಕಳುಹಿಸಬಹುದು, ಆದರೆ ಲಿಂಕ್ ಸಿಕ್ಕವರೆಲ್ಲ ಅದನ್ನು ನೋಡಬಲ್ಲರು ಎಂಬುದು ನೆನಪಿರಲಿ.

ಇಷ್ಟೆಲ್ಲ ಮಾಡಿದ ಮೇಲೆ ಮನೆಯಲ್ಲಿ ಬೇರೆಯವರ ಫೋನಿನಿಂದ ನಿಮ್ಮ ಚಾನೆಲ್ ತೆರೆದು ಆ ವಾಟ್ಸ್ಆಪ್ ಲಿಂಕ್ ಒತ್ತಿ ನೋಡಿ. ನಂಬರಿನ ಮೊದಲು + ಅಥವಾ 0 ಉಳಿದಿದ್ದರೆ ತೆಗೆಯಿರಿ, 91ರ ನಂತರ ನೇರವಾಗಿ ಹತ್ತು ಅಂಕಿ ಇರಬೇಕು.