ಪೂರ್ತಿ ಮುಚ್ಚದ ಡ್ರಾಯರ್

ಬಸವನಗುಡಿಯ ಹಳೇ ಮನೆ. ವಾರ್ಡ್‌ರೋಬ್‌ನ ಡ್ರಾಯರ್ ಅರ್ಧ ಇಂಚು ಹೊರಗೇ ನಿಲ್ಲುತ್ತಿದೆ. ಜೋರಾಗಿ ತಳ್ಳಬೇಡಿ, ಚಾನೆಲ್ ಬಾಗುವುದೇ ಹಾಗೆ.

ಡ್ರಾಯರ್ ಪೂರ್ತಿ ಎಳೆಯಿರಿ. ಎರಡೂ ಬದಿಯ ಕರಿ ಪ್ಲಾಸ್ಟಿಕ್ ಲಿವರ್‌ಗಳಲ್ಲಿ ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಒತ್ತಿದರೆ ಡ್ರಾಯರ್ ಕೈಗೆ ಬರುತ್ತದೆ. ಹಿಂದೆ ಬಟ್ಟೆ ಬಿದ್ದಿದ್ದರೆ ತೆಗೆಯಿರಿ.

ಈಗ ವಾರ್ಡ್‌ರೋಬ್‌ನ ತಳದಿಂದ ಚಾನೆಲ್‌ವರೆಗಿನ ಎತ್ತರವನ್ನು ಮುಂದೆ, ಹಿಂದೆ ಎರಡೂ ಕಡೆ ಅಳೆಯಿರಿ. ಇಲ್ಲಿ ಎಡಗಡೆಯ ಹಿಂಭಾಗ 3 ಮಿಲಿಮೀಟರ್ ಜಾರಿದೆ. ಹಿಂದಿನ ಸ್ಕ್ರೂ ಸಡಿಲಿಸಿ, ಚಾನೆಲ್ ಎತ್ತಿ, ಮತ್ತೆ ಬಿಗಿ ಮಾಡಿ.

ಡ್ರಾಯರ್ ಕೂರಿಸುವ ಮುನ್ನ ಒಳಗಿನ ಗುಂಡುಗಳ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಳ್ಳಿ. ಬಹಳ ಜನ ಮರೆಯುವುದು ಇದನ್ನೇ. ಅದು ನಡುವೆ ನಿಂತರೆ ಡ್ರಾಯರ್ ಮತ್ತೆ ಸಿಕ್ಕಿಕೊಳ್ಳುತ್ತದೆ.

ಚಾನೆಲ್ಲೇ ಬಾಗಿದೆಯೇ? ಸುತ್ತಿಗೆ ಹಿಡಿಯಬೇಡಿ, ತಟ್ಟಿದ ಜಾಗದಲ್ಲಿ ಗುಂಡು ಸರಾಗವಾಗಿ ಉರುಳುವುದಿಲ್ಲ. ಮುಚ್ಚಿದ ಚಾನೆಲ್‌ನ ಉದ್ದ ಅಳೆದುಕೊಂಡು ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯ ಜೋಡಿ ತನ್ನಿ.