ಪಾರಿವಾಳ ಹಾರಿಹೋದ ಮೇಲೆ ಕಡಿಯುವ ನುಸಿ

ಪಾರಿವಾಳ ಮೂಲತಃ ಬಂಡೆಯ ಹಕ್ಕಿ. ಬಳ್ಳಾರಿಯ ಕೋಟೆಗುಡ್ಡ, ಕುರುಗೋಡಿನ ಕಲ್ಲುಗುಡ್ಡಗಳ ಸಂದಿ ಅದಕ್ಕೆ ಎಷ್ಟು ಹಿತವೋ, ನಮ್ಮ ಕಿಟಕಿಯ ಸಜ್ಜಾ, ಕೂಲರಿನ ಹಿಂಬದಿಯೂ ಅಷ್ಟೇ ಹಿತ. ಸಿರುಗುಪ್ಪದಂಥ ಭತ್ತದ ಊರಿನಲ್ಲಿ ಗಿರಣಿಗಳ ಸುತ್ತ ಚೆಲ್ಲುವ ಕಾಳೂ ಸಿಗುತ್ತದೆ. ಗೂಡಿನ ಜೊತೆಗೆ ಬರುವುದು ಹಕ್ಕಿನುಸಿ. ಒಂದು ಮಿಲಿಮೀಟರಿಗಿಂತ ಚಿಕ್ಕದಾದ, ಎಂಟು ಕಾಲಿನ ಈ ಜೀವಿ ಹಕ್ಕಿಯ ರಕ್ತ ಕುಡಿದು ಬದುಕುತ್ತದೆ.

ಪಾರಿವಾಳ ಎರಡು ಮೊಟ್ಟೆಗೆ ಸುಮಾರು 18 ದಿನ ಕಾವು ಕೊಡುತ್ತದೆ. ಮರಿ ಹಾರಲು ಇನ್ನೂ ನಾಲ್ಕೈದು ವಾರ ಬೇಕು. ನುಸಿಯಾದರೋ ಸೆಕೆಯಲ್ಲಿ ವಾರದೊಳಗೇ ಮೊಟ್ಟೆಯಿಂದ ಬೆಳೆದು ದೊಡ್ಡದಾಗುತ್ತದೆ. ಒಂದು ಸಂಸಾರ ಗೂಡು ಬಿಡುವಷ್ಟರಲ್ಲಿ ನುಸಿಯ ಐದಾರು ತಲೆಮಾರು ಅಲ್ಲಿ ಹುಟ್ಟಿರುತ್ತವೆ. ಮರಿ ಹಾರಿದ ದಿನ ಅವುಗಳಿಗೆ ಊಟ ನಿಲ್ಲುತ್ತದೆ. ಹಸಿದ ನುಸಿ ಕಿಟಕಿಯ ಬಿರುಕಿನಿಂದ ಒಳಗೆ ಇಳಿಯುತ್ತದೆ. ಹಕ್ಕಿ ಇದ್ದಾಗ ಇಲ್ಲದ ತುರಿಕೆ ಅದು ಹೋದ ಮೇಲೆ ಶುರುವಾಗುವುದು ಇದಕ್ಕೇ.

ಇದನ್ನು ತಿಗಣೆಯೆಂದೋ ತುರಿಕಜ್ಜಿಯೆಂದೋ ತಿಳಿದು ಮುಲಾಮು ಹಚ್ಚುತ್ತಾ ಕೂರುವವರುಂಟು. ಹಕ್ಕಿನುಸಿ ಚರ್ಮದೊಳಗೆ ಬಿಲ ಕೊರೆಯುವುದಿಲ್ಲ, ಮನುಷ್ಯರ ಮೈಮೇಲೆ ನೆಲೆಯೂರುವುದೂ ಇಲ್ಲ. ಅನುಮಾನವಿದ್ದರೆ ಕಿಟಕಿಯ ಚೌಕಟ್ಟಿಗೆ ಪಾರದರ್ಶಕ ಟೇಪು ಒತ್ತಿ ತೆಗೆದು ಬಿಳಿ ಕಾಗದದ ಮೇಲೆ ಅಂಟಿಸಿ. ಹರಿದಾಡಲು ಯತ್ನಿಸುವ ಚುಕ್ಕೆಗಳು, ಒತ್ತಿದರೆ ಕೆಂಪು ಕಲೆ ಕಂಡರೆ ನುಸಿಯೇ ಇರಬೇಕು.

ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಮರಿ ಹಾರುವವರೆಗೆ ಕಾಯಿರಿ; ಮರಿ ಸತ್ತರೂ ನುಸಿ ಮನೆಗೇ ಬರುತ್ತದೆ. ಅಲ್ಲಿಯವರೆಗೆ ಆ ಕಿಟಕಿ ಮುಚ್ಚಿ ಸಂದಿಗೆ ಟೇಪು ಹಾಕಿ. ಗೂಡು ಖಾಲಿಯಾದ ತಕ್ಷಣ ತೆಗೆಯಿರಿ. ಎನ್95 ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕು. ಒಣಗಿದ ಹಿಕ್ಕೆಯನ್ನು ಗುಡಿಸಬಾರದು. ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ, ಬ್ಯಾಕ್ಟೀರಿಯಾ ಇರಬಹುದು. ಸೋಪಿನ ನೀರನ್ನು ಚೆನ್ನಾಗಿ ಸಿಂಪಡಿಸಿ ನೆನೆಸಿ, ಗೂಡನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ, ಸಜ್ಜಾ ತೊಳೆಯಿರಿ. ಮೇಲಿನ ಮಹಡಿಯಲ್ಲಿ ಸಜ್ಜಾದ ಮೇಲೆ ಇಳಿಯಬೇಡಿ, ಅನುಭವಿಗಳನ್ನು ಕರೆಸಿ. ಆಮೇಲೆ ಬಲೆ ಬಿಗಿದರೆ ಹಕ್ಕಿ ಮತ್ತೆ ಕೂರುವುದಿಲ್ಲ.

ಒಳಗೆ ಕಿಟಕಿ, ಗೋಡೆಯಂಚನ್ನು ಸೋಪು ನೀರಿನ ಬಟ್ಟೆಯಿಂದ ಒರೆಸಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ಹಕ್ಕಿಯಿಲ್ಲದೆ ಹೆಚ್ಚಿನ ನುಸಿಗಳು ಎರಡು ಮೂರು ವಾರದಲ್ಲಿ ಸಾಯುತ್ತವೆ. ಕೋಳಿಗೂಡಿನ ಕೆಂಪು ನುಸಿಯಾದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಕಡಿತ ಮೂರು ವಾರ ಮೀರಿದರೆ ಇನ್ನೊಂದು ಗೂಡು ಹುಡುಕಿ, ಚರ್ಮದ ವೈದ್ಯರಿಗೂ ತೋರಿಸಿ.

ಒಂದೇ ವಿನಂತಿ: ಹೊಲಕ್ಕೆಂದು ತಂದ ಕೀಟನಾಶಕವನ್ನು ಮಲಗುವ ಕೋಣೆಯಲ್ಲಿ ಹೊಡೆಯಬೇಡಿ. ಗೂಡು ಹೊರಗೆ ಉಳಿದಿದ್ದರೆ ಅದರಿಂದ ನುಸಿ ನಿಲ್ಲುವುದಿಲ್ಲ, ವಿಷ ಮಾತ್ರ ಮಕ್ಕಳ ಉಸಿರಿಗೆ ಸೇರುತ್ತದೆ.